ಪನೀರ್ ಘಟಕದ ಮೋರಿಯ ಲೋಳೆ: ಕ್ಲೋರಿನ್ ಸುರಿದರೂ ಹೋಗದ್ದನ್ನು ತೆಗೆದ ಬಗೆ

ಬೆಂಗಳೂರಿನ ಒಂದು ಪನೀರ್ ಘಟಕದ ಪ್ಯಾಕಿಂಗ್ ಕೋಣೆ. ದಿನವೂ ಮೋರಿಗೆ 200 ಪಿಪಿಎಂ ಕ್ಲೋರಿನ್ ನೀರು ಬೀಳುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ತೆಗೆದ ಸ್ವಾಬ್‌ನಲ್ಲಿ ಏನೂ ಸಿಗುತ್ತಿರಲಿಲ್ಲ. ಕೆಲಸ ಶುರುವಾಗಿ ನಾಲ್ಕು ಗಂಟೆಯಾದ ಮೇಲೆ ಅದೇ ಮೋರಿಯಲ್ಲಿ ಲಿಸ್ಟೀರಿಯಾ ಎಂಬ ರೋಗಕಾರಕ ಜೀವಾಣು.

ಪ್ರಮಾಣದಲ್ಲಿ ತಪ್ಪಿರಲಿಲ್ಲ: 5% ಹೈಪೋಕ್ಲೋರೈಟ್ 80 ಮಿಲಿ, 20 ಲೀಟರ್ ನೀರಿಗೆ. ಆದರೆ ಮೋರಿಯಡಿ ನೀರು ನಿಲ್ಲುವ ಟ್ರ್ಯಾಪ್‌ನಲ್ಲಿ ಮೊದಲೇ 5 ಲೀಟರ್ ನೀರು ನಿಂತಿದ್ದರೆ, ಅದಕ್ಕೆ 5 ಲೀಟರ್ ಸುರಿದಾಗ ಉಳಿಯುವುದು 100 ಪಿಪಿಎಂ. ಆ ನೀರಿನಲ್ಲಿರುವ ಹಾಲೊಡಕು, ಕೊಬ್ಬು ಮಿಕ್ಕದ್ದನ್ನೂ ತಿಂದುಹಾಕುತ್ತವೆ. ಐದು ನಿಮಿಷ ಬಿಟ್ಟು ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ, ಬಣ್ಣವೇ ಬರುವುದಿಲ್ಲ. ಜೀವಾಣುಗಳು ಕಟ್ಟಿಕೊಂಡ ಲೋಳೆಯ ಮೇಲ್ಪದರ ಸಾಯುತ್ತದೆ, ಒಳಗಿನದು ಉಳಿಯುತ್ತದೆ, ನೀರು ಹರಿದಾಗ ಕಳಚಿ ಬರುತ್ತದೆ. ಸ್ವಾಬ್ ಮುಂಜಾನೆ ಮಾತ್ರ ತೆಗೆದರೆ ಇದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಕ್ಲೋರಿನ್ನನ್ನು ಕೊನೆಗೆ ತಳ್ಳಿ, ಮೊದಲು ಲೋಳೆ ಕೀಳುವ ಕೆಲಸ ಹಿಡಿದೆವು. ಯಂತ್ರಗಳನ್ನು ತೊಳೆಯುವುದಕ್ಕೂ ಮುಂಚೆ ಮೋರಿ, ಏಕೆಂದರೆ ಅದರ ಹನಿ ಎಲ್ಲಿಗೆ ಸಿಡಿದರೂ ಆಮೇಲೆ ತೊಳೆದುಹೋಗಬೇಕು. ಜಾಲರಿ, ಬುಟ್ಟಿ, ಟ್ರ್ಯಾಪ್ ಮೂರನ್ನೂ ಬಿಚ್ಚಿ ಕಸ ತೆಗೆದು, ಕ್ಷಾರದ ನೊರೆ ಹಾಕಿ ಹತ್ತು ನಿಮಿಷ. ನೊರೆ ಒಣಗಲು ಬಿಡಬಾರದು. ಆಮೇಲೆ ಕೊಳವೆಗಿಂತ ತುಸು ಸಣ್ಣ ವ್ಯಾಸದ ಬ್ರಷ್‌ನಿಂದ, ಕೈ ಎಟುಕುವಷ್ಟು ಆಳಕ್ಕೂ ಉಜ್ಜುವುದು. ಕೆಲಸದ ಜೀವಾಳ ಈ ಉಜ್ಜುವಿಕೆಯೇ. ಆ ಬ್ರಷ್ ಮೋರಿಗೆ ಮಾತ್ರ; ಬಣ್ಣವೂ ಬೇರೆ. ಹೈ ಪ್ರೆಶರ್ ಪೈಪ್ ಅನ್ನು ಮೋರಿಗೆ ಹಿಡಿಯಲೇಬೇಡಿ. ಲೋಳೆ ಮಂಜಾಗಿ ಎದ್ದು ಟೇಬಲ್ ಮೇಲೆ ಕೂರುತ್ತದೆ.

ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣ ಹಾಲಿನ ಅಂಶದ ಜೊತೆ ಸೇರಿ ಸ್ಟೀಲಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದರ ಒರಟಿನಲ್ಲಿ ಲೋಳೆ ಮತ್ತೆ ಬೇರೂರುತ್ತದೆ. ಕ್ಷಾರ ಇದನ್ನು ಕರಗಿಸದು. ಅದಕ್ಕೇ ವಾರಕ್ಕೊಮ್ಮೆ ಆಮ್ಲದ ತೊಳೆತ ಸೇರಿಸಿದೆವು. ಕ್ಷಾರದ ನೊರೆಯಲ್ಲಿ ಕ್ಲೋರಿನ್ ಇದ್ದರೆ ಪೂರ್ತಿ ತೊಳೆದು, ಪಿಎಚ್ ಕಾಗದದಲ್ಲಿ ನೋಡಿಕೊಂಡೇ ಆಮ್ಲ ಹಾಕಬೇಕು. ಎರಡೂ ಬೆರೆತರೆ ಏಳುವುದು ವಿಷಾನಿಲ. ಆಮ್ಲವಾದ ಮೇಲೂ ಇಷ್ಟೇ ಚೆನ್ನಾಗಿ ತೊಳೆದು ಕ್ಲೋರಿನ್ ಹಾಕಬೇಕು.

ಟೇಬಲ್ ಕಾಲಿನ ವೆಲ್ಡಿಂಗ್, ಗ್ಯಾಸ್ಕೆಟ್ ಅಂಚಿನಂಥ ಕಡೆ ಅನುಮಾನವಿದ್ದರೆ ತೊಳೆದ ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ ನೋಡುತ್ತೇವೆ. ಗುಳ್ಳೆ ಬಂದರೆ ಇನ್ನೂ ಕೊಳೆ ಇದೆ. ಉಳಿದ ಹಾಲಿಗೂ ಗುಳ್ಳೆ ಬರಬಹುದು, ಹಾಗಾಗಿ ಇದರಿಂದ ಯಾವ ಜೀವಾಣು ಎಂದು ಹೇಳಲಾಗದು. ಗುಳ್ಳೆ ಬರಲಿಲ್ಲವೆಂದು ನೆಮ್ಮದಿಯಾಗುವಂತೆಯೂ ಇಲ್ಲ: ಲಿಸ್ಟೀರಿಯಾಗೆ ಲ್ಯಾಬ್ ಸ್ವಾಬೇ ಬೇಕು, ಅದೂ ಕೆಲಸ ನಡೆಯುತ್ತಿರುವಾಗ ತೆಗೆದದ್ದು.