ನಕಾಶೆಯಲ್ಲಿಲ್ಲದ ದಾರಿ

ಕೃಷಿ ಜಮೀನು ಕೊಳ್ಳಲು ಕೃಷಿಕರಲ್ಲದವರಿಗೆ ಅಡ್ಡಿಯಾಗಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಮರುವರ್ಷವೇ ನಾನು ಬೇಲೂರು ತಾಲ್ಲೂಕಿನಲ್ಲಿ 2 ಎಕರೆ 10 ಗುಂಟೆ ನೋಡಿದೆ. ಎಕರೆಗೆ 12 ಲಕ್ಷ, ಅಂದರೆ ಗುಂಟೆಗೆ 30 ಸಾವಿರ.

ಪಹಣಿಯ 3ನೇ ಕಾಲಂನಲ್ಲಿ 8 ಗುಂಟೆ ಬ ಖರಾಬು ಇತ್ತು. ಜಾಗಕ್ಕೆ ಹೋಗಿ ನೋಡಿದರೆ ಅದು ಹಳ್ಳ. ಸಾರ್ವಜನಿಕರದ್ದು, ಮಾರಲು ಬರುವುದಿಲ್ಲ. ಬ್ರೋಕರ್ ಅದನ್ನೂ ಸೇರಿಸಿ 27 ಲಕ್ಷ ಹೇಳಿದ್ದ. 82 ಗುಂಟೆಗಷ್ಟೇ ದುಡ್ಡು ಎಂದು ಹಟ ಹಿಡಿದು 24 ಲಕ್ಷ 60 ಸಾವಿರಕ್ಕೆ ಮುಗಿಸಿದೆ. ಆ ಜಾಣತನದ ಹೆಮ್ಮೆಯಲ್ಲೇ ಮುಂದೆ ಎಡವಿದ್ದು.

ವಕೀಲರು ಕಾಗದ ಚೆನ್ನಾಗಿಯೇ ನೋಡಿದ್ದರು. ಜಮೀನಿನ ಮೇಲಿನ ವಹಿವಾಟು ತೋರಿಸುವ 30 ವರ್ಷದ ಇಸಿ, ಮ್ಯುಟೇಶನ್‌ಗಳು, ಎಲ್ಲ ಬಂದವು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ, ಪಿಟಿಸಿಎಲ್ ಕಾಯ್ದೆಗೆ ಸಿಕ್ಕುವ ಮಂಜೂರಾತಿ ಜಮೀನಲ್ಲ ಎಂಬುದೂ ಖಚಿತವಾಯಿತು. ಪಿತ್ರಾರ್ಜಿತ ಆಸ್ತಿಯಾದ್ದರಿಂದ ಮಾರುವವರ ಇಬ್ಬರು ತಂಗಿಯರ ಸಹಿಯನ್ನೂ ಹಾಕಿಸಿದೆವು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುತ್ತಿದ್ದುದರಿಂದ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆಗೆ ಮೂರು ತಿಂಗಳು ಕಾದೆ.

ಯಾರೂ ಕೇಳದೆ ಬಿಟ್ಟದ್ದು ದಾರಿಯನ್ನು. ರಸ್ತೆಯಿಂದ ನಮ್ಮ ಜಮೀನಿಗೆ ಪಕ್ಕದವರ ತೋಟದಲ್ಲಿ ಟ್ರ್ಯಾಕ್ಟರ್ ಹೋಗುವಷ್ಟು ಜಾಡಿತ್ತು. "ನಮ್ಮಪ್ಪನ ಕಾಲದಿಂದ್ಲೂ ಹೀಗೇ ಓಡಾಡ್ತಾರೆ, ಯಾರು ಬ್ಯಾಡ ಅಂತಾರೆ ಸಾರ್" ಎಂದರು ಪಕ್ಕದ ಗೌಡರು. ನಾನು ಗ್ರಾಮ ನಕಾಶೆ ತೆಗೆಸಲೇ ಇಲ್ಲ. ತೆಗೆಸಿದ್ದರೆ ಬಂಡಿದಾರಿಯ ಎರಡು ಚುಕ್ಕೆಗೆರೆ ಅಲ್ಲಿಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಸ್ಟಾಂಪು, ನೋಂದಣಿ ಸೇರಿ ಆಗ ನೂರಕ್ಕೆ 6.65ರ ಲೆಕ್ಕದಲ್ಲಿ 1 ಲಕ್ಷ 64 ಸಾವಿರ ಹೋಯಿತು. (2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1ರಿಂದ 2ಕ್ಕೆ ಏರಿದೆ.) ಕಲ್ಲುಕಂಬ, ತಂತಿಬೇಲಿಗೆ 1 ಲಕ್ಷ 80 ಸಾವಿರ. ವರ್ಷಕ್ಕೆರಡು ಸಲ ಕಳೆ ತೆಗೆಸದಿದ್ದರೆ ಲಂಟಾನ ತಲೆ ಮೀರಿ ಬೆಳೆಯುತ್ತದೆ, ಆ ಕೂಲಿ ಬೇರೆ. ಒಟ್ಟು 28 ಲಕ್ಷ ದಾಟಿತು. ವಾಪಸು ಬಂದದ್ದು ಮೂರು ವರ್ಷದಲ್ಲಿ ಎರಡು ಸಲದ ಜೋಳದ ಗುತ್ತಿಗೆ ಹಣ.

ಮಗಳ ಓದಿಗೆಂದು 2024ರಲ್ಲಿ ಮಾರಲು ಹೊರಟೆ. ಮನೆಗೆ ಸಿಗುವ ಹಾಗೆ ಜಮೀನು ಕೊಳ್ಳಲು ಬ್ಯಾಂಕ್ ಸಾಲ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಕೈಯಲ್ಲಿ ಹಣವಿರುವವರೇ ಬರಬೇಕು. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಜನ ಬಂದರು. ನೀರು, ಮಣ್ಣು ನೋಡಿ ತಲೆದೂಗಿದವರು "ದಾರಿ ಪತ್ರ ಇದೆಯಾ?" ಎಂದು ಕೇಳಿ ಕಾರು ಹತ್ತುತ್ತಿದ್ದರು.

ಹನ್ನೆರಡು ಅಡಿ ದಾರಿಯನ್ನು ನೋಂದಾಯಿಸಿ ಕೊಡಿ, ದುಡ್ಡು ಕೊಡುತ್ತೇನೆ ಎಂದು ಗೌಡರನ್ನು ಕೇಳಿದೆ. ಕಾಫಿ ಕೊಟ್ಟರು, ಮಳೆಬೆಳೆ ಮಾತಾಡಿದರು. ಎದ್ದು ಹೊರಟಾಗ ಅಂದರು: "ದಾರಿ ಮಾರಕ್ಕಿಲ್ಲ ಸಾರ್. ನಿಮ್ಮ ಜಮೀನು ನಾನೇ ತಗೋತೀನಿ, 20 ಲಕ್ಷ."

ಎಂಟು ದಿನ ಯೋಚಿಸಿ, 21ಕ್ಕೆ ಬರೆದುಕೊಟ್ಟೆ.