ಆರು ಸೊನ್ನೆ ಕಿತ್ತರೆ ಚಹಾ ಅಗ್ಗವಾಗುತ್ತದೆಯೇ?

2004ರವರೆಗೆ ಟರ್ಕಿಯಲ್ಲಿದ್ದ ಅತಿ ದೊಡ್ಡ ನೋಟು ಎರಡು ಕೋಟಿ ಲಿರಾದ್ದು. ಅಷ್ಟು ಕೊಟ್ಟರೂ ಕೈಗೆ ಬರುತ್ತಿದ್ದುದು ಹದಿನೈದು ಡಾಲರ್ ಅಷ್ಟೇ. ದಶಕಗಟ್ಟಲೆ ಏರಿದ ಬೆಲೆಗಳ ಫಲವದು. 2005ರ ಜನವರಿ 1ರಂದು ಅಲ್ಲಿನ ಸರ್ಕಾರ ಲಿರಾದ ಬಾಲದಿಂದ ಆರು ಸೊನ್ನೆ ತೆಗೆದುಹಾಕಿತು. ಹಳೆಯ ಹತ್ತು ಲಕ್ಷ ಲಿರಾ ಹೊಸ ಒಂದು ಲಿರಾ ಆಯಿತು. ಹೊಸದಕ್ಕೆ ‘ಯೆನಿ’ ಲಿರಾ ಎಂದು ಹೆಸರು. ಯೆನಿ ಎಂದರೆ ಹೊಸದು. ಬೆಲೆಯೇರಿಕೆಯಲ್ಲಿ ಕಳೆದುಹೋಗಿದ್ದ ಕುರುಷ್ ಎಂಬ ಚಿಲ್ಲರೆಯೂ ವಾಪಸ್ ಬಂತು. ನೂರು ಕುರುಷ್‌ಗೆ ಒಂದು ಲಿರಾ.

ಇದು ನಾವು 2016ರಲ್ಲಿ ಕಂಡ ನೋಟು ರದ್ದತಿಯಂಥದ್ದಲ್ಲ. ಅಲ್ಲಿ ಕೆಲವು ನೋಟು ಚಲಾವಣೆಯಿಂದ ಹೋದವು, ರೂಪಾಯಿ ರೂಪಾಯಿಯಾಗಿಯೇ ಉಳಿಯಿತು. ಇಲ್ಲಿ ಬದಲಾಗುವುದು ಅಳೆಯುವ ಕೋಲು.

ಲೆಕ್ಕ ಹೇಗೆ ಮಾಡುವುದು? ಸುಲಭಕ್ಕೆಂದು ಇಸ್ತಾಂಬುಲ್‌ನ ಒಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳೋಣ. ಸಂಬಳ ತಿಂಗಳಿಗೆ 60 ಕೋಟಿ ಲಿರಾ, ಮನೆ ಬಾಡಿಗೆ 25 ಕೋಟಿ, ಒಂದು ಲೋಟ ಚಹಾ 5 ಲಕ್ಷ.

ಮೊದಲು ಹಣದ ಮೊತ್ತ ಇರುವಲ್ಲೆಲ್ಲ ಹತ್ತು ಲಕ್ಷದಿಂದ ಭಾಗಿಸಿ. ಸಂಬಳ 600 ಲಿರಾ, ಬಾಡಿಗೆ 250 ಲಿರಾ, ಚಹಾ 50 ಕುರುಷ್. ಬ್ಯಾಂಕಿನ ಠೇವಣಿ, ಕೈಸಾಲ, ಅಂಗಡಿಯ ಉದ್ದರಿ, ಕೋರ್ಟಿನ ದಂಡ, ಯಾವುದನ್ನೂ ಬಿಡಬಾರದು. ಸಾಲವನ್ನು ಮಾತ್ರ ಹಾಗೆಯೇ ಬಿಟ್ಟು ಸಂಬಳವನ್ನು ಭಾಗಿಸಿದರೆ ಮನೆ ಮುಳುಗುತ್ತದೆ! ಅದಕ್ಕೇ ಇದನ್ನು ಕಾನೂನಿನ ಮೂಲಕ, ಎಲ್ಲರಿಗೂ ಒಂದೇ ದಿನದಿಂದ ಮಾಡುವುದು.

ಆಮೇಲೆ, ಯಾವುದನ್ನು ಮುಟ್ಟಬಾರದು ಎಂದು ನೋಡಿ. ಶೇಕಡಾವಾರು ಬಡ್ಡಿ, ತೆರಿಗೆಯ ದರ, ಕಿಲೋ, ಲೀಟರ್ ಇದ್ದಂತೆಯೇ ಇರುತ್ತವೆ. ಶೇಕಡಾ 20 ಬಡ್ಡಿ ಹೊಸ ಲಿರಾದಲ್ಲೂ ಶೇಕಡಾ 20. ಡಾಲರಿನ ದರ ಮಾತ್ರ ಬದಲಾಗುತ್ತದೆ, ಏಕೆಂದರೆ ಅದರ ಒಂದು ತುದಿಯಲ್ಲಿ ಲಿರಾ ಇದೆ: ಹದಿಮೂರೂವರೆ ಲಕ್ಷ ಲಿರಾ ಇದ್ದದ್ದು ಒಂದು ಲಿರಾ 35 ಕುರುಷ್ ಆಗುತ್ತದೆ.

ಈಗ ತಾಳೆ ನೋಡಿ. ಹಳೆಯ ಸಂಬಳಕ್ಕೆ 1,200 ಲೋಟ ಚಹಾ ಬರುತ್ತಿತ್ತು. ಹೊಸ ಸಂಬಳಕ್ಕೂ ಅಷ್ಟೇ, 1,200. ಭಾಗಿಸಿದ್ದು ಸಂಬಳವನ್ನೂ ಹೌದು, ಚಹಾದ ಬೆಲೆಯನ್ನೂ ಹೌದು. ಹಾಗಾಗಿ ಒಂದರಲ್ಲಿ ಇನ್ನೊಂದು ಎಷ್ಟು ಸಲ ಹೋಗುತ್ತದೆ ಎಂಬುದು ಕದಲಲಿಲ್ಲ. ಹಣದ ಮೌಲ್ಯ ಎಂದರೆ ಅದೇ.

ಎಡವಟ್ಟಾಗುವುದು ಚಿಲ್ಲರೆಯಲ್ಲಿ. ಹಳೆಯ 12,76,500 ಲಿರಾ ಅಂದರೆ 127.65 ಕುರುಷ್. ಅರ್ಧ ಕುರುಷ್ ಅಥವಾ ಹೆಚ್ಚಿದ್ದರೆ ಮೇಲಕ್ಕೆ ಏರಿಸಿ, ಕಡಿಮೆಯಿದ್ದರೆ ಬಿಟ್ಟುಬಿಡಿ ಎನ್ನುವುದು ಟರ್ಕಿಯ ನಿಯಮ; ಹಾಗಾಗಿ ಇದು 128. ಹೀಗೆ ಸರಿಪಡಿಸಬೇಕಾದದ್ದು ಬಿಲ್ಲಿನ ಕೊನೆಯ ಮೊತ್ತವನ್ನು. ಒಂದಕ್ಕೆ 14,000 ಲಿರಾದ ನೂರು ಬೋಲ್ಟು ಕೊಂಡರೆ 1 ಲಿರಾ 40 ಕುರುಷ್ ಆಗಬೇಕು. ಒಂದೊಂದು ಬೋಲ್ಟಿನ 1.4 ಕುರುಷನ್ನೂ ಮೊದಲೇ ಒಂದಕ್ಕಿಳಿಸಿ ಆಮೇಲೆ ಗುಣಿಸಿದರೆ ಒಂದೇ ಲಿರಾ ಬಂದು ಅಂಗಡಿಯವನಿಗೆ ನಷ್ಟ. ಗಿರಾಕಿಗೆ ಟೋಪಿ ಬೀಳುವುದು ಇನ್ನೊಂದು ಬಗೆಯಲ್ಲಿ: 12,90,000ದ ವಸ್ತುವಿಗೆ 1.29ರ ಬದಲು ‘ರೌಂಡ್ ಫಿಗರ್’ 1.30 ಬರೆದರೆ ಅದು ಸೊನ್ನೆ ತೆಗೆದದ್ದಲ್ಲ, ಬೆಲೆ ಏರಿಸಿದ್ದು. ಹೊಸ ಬೆಲೆಗೆ ಆರು ಸೊನ್ನೆ ಮರಳಿ ಹಚ್ಚಿ ಹಳೆಯದರ ಪಕ್ಕ ಇಟ್ಟರೆ ಸಾಕು, ಗುಟ್ಟು ರಟ್ಟು. ಆಗ ಅಂಗಡಿಗಳಲ್ಲಿ ಎರಡೂ ಲಿರಾಗಳ ಬೆಲೆ ಬರೆಯಿಸುತ್ತಿದ್ದುದು ಇದಕ್ಕಾಗಿಯೇ.

ಸೊನ್ನೆ ಕಿತ್ತರೆ ಬೆಲೆಯೇರಿಕೆ ನಿಲ್ಲುವುದಿಲ್ಲ. ಟರ್ಕಿಯಲ್ಲಿ 2001ರಲ್ಲಿ ಶೇಕಡಾ 68ರಷ್ಟಿದ್ದ ಹಣದುಬ್ಬರ 2004ಕ್ಕೆ ಹತ್ತಿರ ಹತ್ತಿರ 9ಕ್ಕೆ ಇಳಿದಿತ್ತು. ಇಳಿದ ಮೇಲೆ ಸೊನ್ನೆ ತೆಗೆದರು. ಜಿಂಬಾಬ್ವೆಯಲ್ಲಿ ಉರಿಯುತ್ತಿರುವಾಗಲೇ ಕತ್ತರಿ ಆಡಿಸಿದರು. 2006ರಲ್ಲಿ ಮೂರು ಸೊನ್ನೆ, 2008ರಲ್ಲಿ ಹತ್ತು, 2009ರಲ್ಲಿ ಹನ್ನೆರಡು ಹೋದವು. ನೋಟು ಮುದ್ರಿಸುವುದು ಮಾತ್ರ ನಿಲ್ಲದ್ದರಿಂದ ಕತ್ತರಿಸಿದಷ್ಟೂ ಸೊನ್ನೆ ಚಿಗುರಿದವು. ಕೊನೆಗೆ ಜನ ಡಾಲರ್, ರ‍್ಯಾಂಡ್‌ಗಳಲ್ಲೇ ವ್ಯವಹಾರ ಮಾಡತೊಡಗಿದರು.

ಟರ್ಕಿಯಲ್ಲಿ 2005ರ ಇಡೀ ವರ್ಷ ಹಳೆಯ, ಹೊಸ ನೋಟುಗಳು ಜೊತೆಜೊತೆಗೆ ಓಡಾಡಿದವು. ಹಳೆಯ ಎರಡು ಕೋಟಿಯ ನೋಟನ್ನೇ ಹೋಲುವಂತೆ ಹೊಸ 20 ಲಿರಾದ್ದನ್ನು ಮುದ್ರಿಸಿದ್ದರು, ಜನ ಬೆಚ್ಚದಿರಲಿ ಎಂದು. ಡಬ್ಬಿಯಲ್ಲಿ ಮರೆತಿದ್ದ ಹಳೆಯ ನೋಟುಗಳನ್ನು ಬದಲಾಯಿಸಿಕೊಳ್ಳಲು ಕೇಂದ್ರ ಬ್ಯಾಂಕಿನಲ್ಲಿ 2015ರ ಕೊನೆಯವರೆಗೂ ಅವಕಾಶವಿತ್ತು. ನಮ್ಮಲ್ಲಿ 1957ರಲ್ಲಿ ಆಣೆ ಹೋಗಿ ‘ನಯಾ ಪೈಸೆ’ ಬಂದು, 1964ರಲ್ಲಿ ‘ನಯಾ’ ಉದುರಿಹೋಗಲಿಲ್ಲವೇ? ಹಾಗೆಯೇ ಅಲ್ಲಿ 2009ರ ಜನವರಿ 1ರಂದು ‘ಯೆನಿ’ ಉದುರಿ ಬರೀ ಲಿರಾ ಉಳಿಯಿತು.