ಬಿದ್ದ ರೀಚ್ ಮತ್ತೆ ಎದ್ದದ್ದು: ನಾನು ವರ್ಕ್‌ಫ್ಲೋ ನಿಲ್ಲಿಸಿದ ರೀತಿ

ನಮ್ಮ ಭಾವನದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಅಂಗಡಿ. ಅದರ ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುವವನು ನಾನು. n8n ಅನ್ನೋ ಆಟೊಮೇಶನ್ ಟೂಲ್‌ನಲ್ಲಿ ಎರಡು ವರ್ಕ್‌ಫ್ಲೋ ಓಡುತ್ತಿದ್ದವು. ಒಂದು ಶೀಟ್ ನೋಡಿ ದಿನಕ್ಕೆ ಏಳೆಂಟು ರೀಲ್ ಹಾಕುತ್ತಿತ್ತು. ಇನ್ನೊಂದು, ಕಾಮೆಂಟಿನಲ್ಲಿ ‘ರೇಟ್’ ಅಂತ ಬರೆದವರಿಗೆ ಡಿಎಂ ಕಳಿಸುತ್ತಿತ್ತು.

ದಿನಕ್ಕೆ ಹನ್ನೆರಡು ಸಾವಿರದ ಹತ್ತಿರ ಇದ್ದ ರೀಚ್ ಒಂದು ವಾರದಲ್ಲಿ ಎಂಟುನೂರಕ್ಕೆ ಇಳಿಯಿತು. ವಾರಕ್ಕೆ ಇಪ್ಪತ್ತು ಆರ್ಡರ್ ಬರುತ್ತಿದ್ದ ಕಡೆ ಮೂರೋ ನಾಲ್ಕೋ. ಗಾಬರಿಯಲ್ಲಿ ಮೂರು ಸಾವಿರ ರೂಪಾಯಿ ಬೂಸ್ಟ್‌ಗೆ ಸುರಿದೆ, ಒಂದು ಸೀರೆಯೂ ಹೋಗಲಿಲ್ಲ. "ಇದರ ಕಥಿ ಮುಗೀತು, ಹೊಸಾ ಖಾತೆ ತಗಿ" ಅಂದರು ಭಾವ. ಗೆಳೆಯರೂ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ.

ಒಟ್ಟು ರೀಚ್ ನೋಡಿ ಏನೂ ಗೊತ್ತಾಗಲ್ಲ. ಫಾಲೋವರ್ಸ್ ಎಷ್ಟು, ಅಲ್ಲದವರು ಎಷ್ಟು ಅಂತ ಒಡೆದು ನೋಡಬೇಕು. ನಮ್ಮ ಫಾಲೋವರ್ಸ್ ಹೆಚ್ಚೂಕಡಿಮೆ ಮೊದಲಿನಷ್ಟೇ ನೋಡುತ್ತಿದ್ದರು, ಹೊರಗಿನವರು ಮಾತ್ರ ಪೂರ್ತಿ ಮಾಯ. ಅಂದರೆ ಸೀರೆ ಬೇಜಾರಾಗಿದ್ದಲ್ಲ, ಹೊಸಬರಿಗೆ ತೋರಿಸುವುದೇ ನಿಂತಿತ್ತು. ಸೆಟ್ಟಿಂಗ್ಸ್‌ನ Account Status ತೆರೆದರೆ ಅದೇ ಉತ್ತರ: ಕೆಲವು ರೀಲ್‌ಗಳನ್ನು ರೆಕಮೆಂಡ್ ಮಾಡಲ್ಲ ಅಂತ ಪಟ್ಟಿ ಸಮೇತ ಇತ್ತು. ಆ ಪಟ್ಟಿಯಲ್ಲಿದ್ದವೆಲ್ಲ ಸಗಟು ವ್ಯಾಪಾರಿ ಕಳಿಸಿದ ವಿಡಿಯೋಗಳು. ಅವೇ ವಿಡಿಯೋಗಳು ಇನ್ನೂ ಹತ್ತಾರು ಅಂಗಡಿಯವರ ಪೇಜಿನಲ್ಲಿದ್ದವು.

ಹಾಗಾಗಿ ಎಲ್ಲ ನಿಲ್ಲಿಸೋಣ ಅಂದುಕೊಂಡೆ. ಇಲ್ಲೇ ದೊಡ್ಡ ಪೆಟ್ಟು ತಿಂದದ್ದು. ರಾತ್ರಿ ಎರಡೂ ವರ್ಕ್‌ಫ್ಲೋ ಆಫ್ ಮಾಡಿ ಮಲಗಿದೆ. ಮರುದಿನ ಮಧ್ಯಾಹ್ನ ಒಂದು ಸಣ್ಣ ಪರೀಕ್ಷೆಗೆ ಅಂತ ಆನ್ ಮಾಡಿದೆ. ಶೀಟಿನಲ್ಲಿ ಬಾಕಿ ಉಳಿದಿದ್ದ ಹನ್ನೊಂದು ರೀಲ್ ಸಾಲಾಗಿ ಹೊರಟವು. ಕಾಮೆಂಟ್ ಬಂದಾಗ ಮೆಟಾ n8nಗೆ ಕಳಿಸುವ ಸುದ್ದಿಯೇ ವೆಬ್‌ಹುಕ್; ಅದಕ್ಕೆ ಉತ್ತರ ಸಿಗದಿದ್ದರೆ ಮೆಟಾ 36 ಗಂಟೆವರೆಗೂ ಬಿಟ್ಟು ಬಿಟ್ಟು ಮತ್ತೆ ಕಳಿಸುತ್ತಲೇ ಇರುತ್ತದೆ. ಆಫ್ ಇದ್ದಾಗ ಬಂದ ಕಾಮೆಂಟುಗಳೆಲ್ಲ ಹಾಗೆ ವಾಪಸ್ ಬಂದು, ನೂರರ ಮೇಲೆ ಡಿಎಂ ಹೋದವು. ಎಲ್ಲದರಲ್ಲೂ ಒಂದೇ ಪಠ್ಯ. ಸಂಜೆಗೆ `368` ಎರರ್, ಮೆಸೇಜ್ ಕಳಿಸುವುದೇ ಬ್ಲಾಕ್.

ಎರಡನೇ ಸಲ ಬೇರೆ ಥರ ಮಾಡಿದೆ. ವೆಬ್‌ಹುಕ್ ವರ್ಕ್‌ಫ್ಲೋ ಆನ್ ಇಟ್ಟೆ, Respond ಅನ್ನು Immediately ಮಾಡಿದೆ. ಮೆಟಾಗೆ ‘ತಲುಪಿತು’ ಅನ್ನೋ `200` ಉತ್ತರ ಸಿಗುತ್ತದೆ, ಮತ್ತೆ ಕಳಿಸಲ್ಲ. ಅದರ ಮುಂದಿನ ತಂತಿ ಕಿತ್ತು, ಕಾಮೆಂಟನ್ನು ಸುಮ್ನೆ ಒಂದು ಶೀಟಿಗೆ ಬರೆಸಿದೆ. ಭಾವನ ಮಗಳು ಅದನ್ನು ನೋಡಿ ಕೈಯಿಂದ ಉತ್ತರ ಕೊಟ್ಟಳು. ಆಮೇಲೆ Retry On Fail ಆಫ್ ಮಾಡಿದೆ. Wait ನೋಡ್‌ನಲ್ಲಿ ಕಾಯುತ್ತಿದ್ದ ಎಕ್ಸಿಕ್ಯೂಶನ್‌ಗಳನ್ನು ಒಂದೊಂದಾಗಿ ಅಳಿಸಿದೆ, ವರ್ಕ್‌ಫ್ಲೋ ಆಫ್ ಮಾಡಿದರೆ ಅವೂ ನಿಲ್ಲುತ್ತವೆ ಅಂತ ನಂಬಿ ಕೂರಬೇಡಿ. ಪೋಸ್ಟಿಂಗ್ ವರ್ಕ್‌ಫ್ಲೋಗೆ ಹಳೆ ಬಾಕಿ ಎತ್ತದಂತೆ ಒಂದು IF ಹಾಕಿದೆ:

```
{{ $json.status === 'pending' && $json.due >= $today.toISODate() }}
```

`due` ಕಾಲಂ 2025-03-14 ಥರ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ದಿನ ಮೊದಲು ಬರೆದರೆ ತಪ್ಪು ಸಾಲು ಹೊರಡುತ್ತದೆ.

ಪಟ್ಟಿಯಲ್ಲಿದ್ದ ರೀಲ್ ಎಲ್ಲ ಅಳಿಸಿದೆ. ಹತ್ತು ದಿನ ಒಂದೂ ಹಾಕಲಿಲ್ಲ. ಲೈಕ್ ಹೊಡೆಯುವ ಒಂದು ಟೂಲ್‌ಗೆ ಹಿಂದೆ ಪಾಸ್‌ವರ್ಡ್ ಕೊಟ್ಟಿದ್ದೆ. ಪಾಸ್‌ವರ್ಡ್ ಬದಲಿಸಿ ಅದನ್ನು ಹೊರಗೆ ಹಾಕಿದೆ.

ಆ ಹತ್ತು ದಿನ ಕಳೆದ ಮೇಲೆ ನನಗೊಂದು ಹುಚ್ಚು. ತಪ್ಪು ಆಟೊಮೇಶನ್‌ದಾ, ಸರಕಿನದಾ? ನೋಡಿಯೇ ಬಿಡೋಣ ಅಂತ ಸಗಟಿನವರ ವಿಡಿಯೋ ಒಂದನ್ನು ಫೋನಿನಿಂದ ಕೈಯಾರೆ ಹಾಕಿದೆ, ಇನ್ನೂರು ಜನ ನೋಡಿದರು. ಎರಡು ದಿನ ಬಿಟ್ಟು, ಮಗ್ಗದ ಮುಂದೆ ನಿಂತು ನಾನೇ ತೆಗೆದದ್ದನ್ನು n8nನಿಂದ ಹಾಕಿದೆ. ಸೆರಗಿನ ಎಳೆಗಳನ್ನು ಸೀರೆ ಮೈಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೈಗಳಷ್ಟೇ ಇತ್ತು ಅದರಲ್ಲಿ. ಸಾವಿರದ ಒಂಬೈನೂರು ಜನ ನೋಡಿದರು, ಮುಕ್ಕಾಲು ಪಾಲು ಹೊರಗಿನವರು. ಒಂದೊಂದೇ ರೀಲ್, ಅಷ್ಟರಿಂದಲೇ ತೀರ್ಪು ಕೊಡಲು ಬರಲ್ಲ. ಆದರೆ ಆಮೇಲೆ ಹಾಕಿದ ಐದಾರು ರೀಲ್‌ಗಳೂ ಅದೇ ದಾರಿ ಹಿಡಿದವು.

ಡಿಎಂ ವರ್ಕ್‌ಫ್ಲೋ ಕೊನೆಗೆ ಆನ್ ಮಾಡಿದೆ, ನಾಲ್ಕನೇ ವಾರ. ಮೊದಲು ದಿನಕ್ಕೆ ಹತ್ತು, ಆಮೇಲೆ ಇಪ್ಪತ್ತು. ಒಂದು ಕಾಮೆಂಟಿಗೆ ಒಂದೇ ಪ್ರೈವೇಟ್ ರಿಪ್ಲೈ, ಅದೂ ಏಳು ದಿನದೊಳಗೆ ಅನ್ನೋದು ಮೆಟಾ ನಿಯಮ. ಹಾಗಾಗಿ ಹಳೆ ಕಾಮೆಂಟುಗಳ ಆಸೆ ಬಿಟ್ಟೆ. ಪಠ್ಯ ಹೇಗೆ ಬದಲಿಸಿದೆ, ಅಂತರ ಎಷ್ಟು ಇಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ನಾನು ತುಂಬ ಕಳೆದುಕೊಂಡಿದ್ದೇನೆ.

ಐದೂವರೆ ವಾರಕ್ಕೆ ರೀಚ್ ಒಂಬತ್ತು ಸಾವಿರ ದಾಟಿತು. ಈಗ ದಿನಕ್ಕೆ ಎರಡೇ ರೀಲ್, ಎರಡೂ ನಮ್ಮದೇ. ಹೋದ ವಾರ ಹದಿನೇಳು ಆರ್ಡರ್ ಬಂದವು. ಭಾವ ಹೊಸ ಖಾತೆಯ ಮಾತು ಎತ್ತಿಲ್ಲ, ಮಗ್ಗದ ಹತ್ತಿರ ಒಂದು ಒಳ್ಳೆ ಲೈಟ್ ಹಾಕಿಸಿದ್ದಾರೆ.